ಇಂದಿನ ಮಾತ್ರೆ, ನಾಡಿದ್ದಿನ ರಕ್ತ

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕೆಟ್ಟಿತ್ತು. ಹೋದ ತಿಂಗಳು ಆಪರೇಷನ್ ಮಾಡಿ ಲೋಹದ ಕವಾಟ ಹಾಕಿದ್ದಾರೆ. ರಾತ್ರಿ ವಾರ್ಫರಿನ್ 3 ಮಿ.ಗ್ರಾಂ. ಮಾತ್ರೆ ಕೊಟ್ಟಿದ್ದಾರೆ. ‘ಸೊಪ್ಪು ಮುಟ್ಟಬೇಡ’ ಎಂದು ನಮ್ಮತ್ತೆ ಹೇಳುತ್ತಾರೆ. ಹಾಸನದ ಕಡೆಯವರು ನಾವು, ಮುದ್ದೆಗೆ ಸೊಪ್ಪಿನ ಸಾರು, ಬಸ್ಸಾರು ಇಲ್ಲದೆ ಊಟವೇ ಇಲ್ಲ. ಹೋದ ವಾರ ಒಂದು ದಿನ ಮಾತ್ರೆ ಮರೆತು, ಮಾರನೇ ದಿನ ಎರಡು ನುಂಗಿದೆ. ಈಗ ಹಲ್ಲುಜ್ಜುವಾಗ ಒಸಡಿನಲ್ಲಿ ತುಸು ರಕ್ತ ಕಾಣುತ್ತಿದೆ. ರಕ್ತ ಪರೀಕ್ಷೆಗೆ ಪೇಟೆಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಪದೇ ಪದೇ ಮಾಡಿಸಲೇಬೇಕೇ? ಇನ್ನೊಂದು ಮಗು ಬೇಕೆಂಬ ಆಸೆಯೂ ಇದೆ.

ಉತ್ತರ: ಅಮ್ಮಾ, ಮೊದಲು ಈ ಮಾತ್ರೆಯ ಸ್ವಭಾವ ತಿಳಿದುಕೊಳ್ಳಿ, ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ನಮ್ಮ ಪಿತ್ತಜನಕಾಂಗ ವಿಟಮಿನ್ ‘ಕೆ’ ಬಳಸಿ ತಯಾರಿಸುತ್ತದೆ. ವಾರ್ಫರಿನ್ ಆ ತಯಾರಿಗೆ ಅಡ್ಡಗಾಲು ಹಾಕುತ್ತದೆ. ಆದರೆ ಈಗಾಗಲೇ ತಯಾರಾಗಿ ರಕ್ತದಲ್ಲಿ ಓಡಾಡುತ್ತಿರುವ ಪ್ರೋಟೀನನ್ನು ಅದು ಏನೂ ಮಾಡಲಾರದು. ಆ ಹಳೆಯ ದಾಸ್ತಾನು ಕರಗುವವರೆಗೆ ಕಾಯಬೇಕು. ಹಾಗಾಗಿ ಇವತ್ತು ನುಂಗಿದ ಮಾತ್ರೆಯ ಫಲ ರಕ್ತದಲ್ಲಿ ಕಾಣುವುದು ನಾಡಿದ್ದೋ ಆಚೆ ನಾಡಿದ್ದೋ.

ಮರೆತ ಮಾತ್ರೆಯ ಲೆಕ್ಕವೂ ಇದೇ. ರಾತ್ರಿ ಎಂಟಕ್ಕೆ ಮರೆತು ಮಲಗುವ ಮುಂಚೆ ನೆನಪಾದರೆ ಆಗಲೇ ನುಂಗಿ. ಬೆಳಗಾದ ಮೇಲೆ ನೆನಪಾದರೆ ಆ ಮಾತ್ರೆ ಬಿಟ್ಟುಬಿಡಿ, ಅಂದಿನ ರಾತ್ರಿ ಎಂದಿನಂತೆ ಒಂದೇ ಮಾತ್ರೆ. ಎರಡು ಸೇರಿಸಿ ನುಂಗಿದರೆ ನಿನ್ನೆಯ ಕೊರತೆ ತುಂಬುವುದಿಲ್ಲ, ಎರಡು ಮೂರು ದಿನ ಕಳೆದು ರಕ್ತ ತೀರಾ ತೆಳುವಾಗುವ ಅಪಾಯ ಮಾತ್ರ ಬರುತ್ತದೆ. ಒಂದು ಸಲಕ್ಕೆ ದೊಡ್ಡ ಅನಾಹುತ ಆಗುವುದು ಕಡಿಮೆ, ಮತ್ತೆ ಹಾಗೆ ಮಾಡಬೇಡಿ. ಸತತ ಎರಡು ದಿನ ತಪ್ಪಿದರೆ ಆಸ್ಪತ್ರೆಗೆ ಫೋನ್ ಮಾಡಿ, ಲೋಹದ ಕವಾಟಕ್ಕೆ ಅಷ್ಟು ದಿನ ಕಾಯುವ ತಾಳ್ಮೆ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ಕೂಡಲೇ ಗೀಟು ಹಾಕಿ. ‘ನುಂಗಿದೆನೋ ಇಲ್ಲವೋ’ ಎಂಬ ಅನುಮಾನದಲ್ಲಿ ಎರಡನೆಯದನ್ನು ನುಂಗುವವರೇ ಹೆಚ್ಚು.

ಇನ್ನು ಸೊಪ್ಪು. ನಿಮ್ಮತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ನುಗ್ಗೆ, ದಂಟು, ಪಾಲಕ್, ಕೊತ್ತಂಬರಿಯಲ್ಲಿ ವಿಟಮಿನ್ ‘ಕೆ’ ಧಾರಾಳ. ಬಸ್ಸಾರಿಗೆ ಕಟ್ಟು ಬಸಿದರೆ ಅದು ಹೋಗುತ್ತದೆಂದು ತಿಳಿಯಬೇಡಿ. ಅದು ನೀರಿನಲ್ಲಿ ಕರಗುವಂಥದ್ದಲ್ಲ, ಪಲ್ಯಕ್ಕೆ ಉಳಿಯುವ ಸೊಪ್ಪಿನಲ್ಲೇ ಇರುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ವಾರಕ್ಕೆ ನಾಲ್ಕು ದಿನ ತಿನ್ನುವವರಾದರೆ ನಾಲ್ಕು ದಿನವೇ ತಿನ್ನಿ, ಹೆಚ್ಚುಕಮ್ಮಿ ಅಷ್ಟೇ ಪ್ರಮಾಣದಲ್ಲಿ. ನಿಮ್ಮ ತಟ್ಟೆಗೆ ತಕ್ಕ ಡೋಸನ್ನು ನಾವು ಹೊಂದಿಸುತ್ತೇವೆ. ಡೋಸಿಗೆ ತಕ್ಕ ತಟ್ಟೆ ಮಾಡಲು ಹೋದರೆ ಯಾರಿಂದಲೂ ನಿಭಾಯಿಸಲಾಗದು. ಆಸ್ಪತ್ರೆಯಲ್ಲಿ ಗಂಜಿ, ಇಡ್ಲಿ ತಿನ್ನುತ್ತಿದ್ದಾಗ ನಿಗದಿಯಾದ 3 ಮಿ.ಗ್ರಾಂ., ಮನೆಯ ಸೊಪ್ಪಿನ ಊಟಕ್ಕೆ ಸಾಲದೆ ಬರಬಹುದು. ಊರಿಗೆ ಬಂದ ಮೊದಲ ವಾರಗಳಲ್ಲಿ ಪರೀಕ್ಷೆ ಹೆಚ್ಚು ಬೇಕೆನ್ನುವುದು ಅದಕ್ಕೇ. ರಾಗಿ, ಅಕ್ಕಿ, ಬೇಳೆ, ಈರುಳ್ಳಿ, ಹೀರೆ, ಸೋರೆ ಇವಕ್ಕೆಲ್ಲ ಚಿಂತೆ ಬೇಡ.

ಸೊಪ್ಪು ಬಿಟ್ಟರೆ ಏನಾಗಬಹುದೆಂದು ನೋಡಿ. ನನ್ನಲ್ಲಿಗೆ ಬರುವ ರೈತರೊಬ್ಬರಿಗೂ ಇಂಥದೇ ಕವಾಟ. 4 ಮಿ.ಗ್ರಾಂ. ಮಾತ್ರೆಯಲ್ಲಿ ಆರು ತಿಂಗಳಿಂದ ಅವರ ರಕ್ತ ಪರೀಕ್ಷೆಯ ಐಎನ್‌ಆರ್ ಅಂಕಿ 2.9ರ ಆಸುಪಾಸಿನಲ್ಲಿತ್ತು. ಯಾರೋ ಹೇಳಿದರೆಂದು ಸೊಪ್ಪು ಪೂರ್ತಿ ನಿಲ್ಲಿಸಿದರು. ಅದೇ ವಾರ ಭೇದಿ ಶುರುವಾಗಿ, ಅಂಗಡಿಯಿಂದ ಮೆಟ್ರೊನಿಡಜೋಲ್ ತಂದು ಐದು ದಿನ ನುಂಗಿ, ಬರೀ ಗಂಜಿ ಕುಡಿದರು. ಆರನೇ ದಿನ ಮೂಗಿನಲ್ಲಿ ರಕ್ತ, ಐಎನ್‌ಆರ್ 6.2. ವಾರ್ಫರಿನ್ ಒಂದು ಚೂರೂ ಹೆಚ್ಚು ನುಂಗಿರಲಿಲ್ಲ. ಊಟದ ‘ಕೆ’ ಕಡಿಮೆಯಾಗಿತ್ತು, ಜೊತೆಗೆ ಆ ಭೇದಿ ಮಾತ್ರೆ ವಾರ್ಫರಿನ್ ದೇಹದಿಂದ ಹೊರಹೋಗುವುದನ್ನು ತಡೆದಿತ್ತು. ಮೂಗು ಒತ್ತಿ ಹಿಡಿದದ್ದಕ್ಕೆ ರಕ್ತ ನಿಂತಿತು. ದಾಖಲು ಮಾಡಿಕೊಂಡು ಎರಡು ರಾತ್ರಿ ಮಾತ್ರೆ ನಿಲ್ಲಿಸಿದೆವು, ಮೂರನೇ ದಿನಕ್ಕೆ 3.1 ಆಯಿತು. ಮತ್ತೆ ಅದೇ 4 ಮಿ.ಗ್ರಾಂ. ಕೊಟ್ಟೆವು. ತಪ್ಪು ಡೋಸಿನದಾಗಿರಲಿಲ್ಲವಲ್ಲ.

ಆದ್ದರಿಂದ ಯಾವ ಹೊಸ ಔಷಧಿಗೂ ಮುನ್ನ ‘ನಾನು ವಾರ್ಫರಿನ್ ಮೇಲಿದ್ದೇನೆ’ ಎಂದು ಹೇಳಿ, ಅದು ನಾಟಿ ಔಷಧಿಯಾದರೂ ಸರಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಒಂದೆರಡು ದಿನದ ಮಟ್ಟಿಗೆ ಪ್ಯಾರಸಿಟಮಾಲ್ ಸಾಕು. ಸೊಂಟಕ್ಕೆ ಸೂಜಿ ಚುಚ್ಚಿಸಿಕೊಳ್ಳಬೇಡಿ, ಒಳಗೇ ರಕ್ತ ಕಟ್ಟಿಕೊಳ್ಳುತ್ತದೆ.

ನಿಮ್ಮ ಒಸಡಿನ ರಕ್ತಕ್ಕೆ ಬರೋಣ. ಉಜ್ಜುವಾಗ ಮಾತ್ರ ತುಸು ಕೆಂಪಾಗಿ ತಾನೇ ನಿಂತರೆ ಗಾಬರಿ ಬೇಡ, ಮೆತ್ತನೆಯ ಬ್ರಷ್ ಕೊಳ್ಳಿ. ಆದರೂ ಎರಡು ಮಾತ್ರೆ ನುಂಗಿದ ಮೇಲೆ ಕಂಡದ್ದಾದ್ದರಿಂದ ನಾಳೆಯೇ ಪರೀಕ್ಷೆ ಮಾಡಿಸಿ. ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ, ಕೆಂಪು ಅಥವಾ ಕಡು ಟೀ ಬಣ್ಣದ ಮೂತ್ರ, ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ, ಎಂದಿಗಿಂತ ತೀರಾ ಹೆಚ್ಚಾದ ಮುಟ್ಟು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟು, ಕೆಟ್ಟ ನಾತ ಇರದು. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದರೆ ಗಾಯ ಇಲ್ಲದಿದ್ದರೂ ಹೋಗಲೇಬೇಕು, ಒಳಗಿನ ರಕ್ತಸ್ರಾವ ಹೊರಗೆ ಕಾಣುವುದಿಲ್ಲ. ಹಠಾತ್ತಾಗಿ ಬಂದ ವಿಪರೀತ ತಲೆನೋವಿಗೂ ಇದೇ ಮಾತು.

ರಕ್ತ ತೀರಾ ಗಟ್ಟಿಯಾದರೂ ಅಪಾಯವೇ. ರಾತ್ರಿ ಮನೆ ನಿಶ್ಶಬ್ದವಾದಾಗ ಎದೆಯಲ್ಲಿ ಗಡಿಯಾರದಂತೆ ಟಿಕ್ ಟಿಕ್ ಕೇಳುತ್ತದಲ್ಲ, ಅದು ನಿಮ್ಮ ಕವಾಟದ ಸದ್ದು. ಅದು ಮಂಕಾದರೆ, ಉಬ್ಬಸ ಬಂದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ಒಂದು ಗಳಿಗೆಯೂ ತಡಮಾಡಬೇಡಿ.

ಪರೀಕ್ಷೆಯ ಹೆಸರು ಪಿಟಿ-ಐಎನ್‌ಆರ್. ಮಾತ್ರೆ ನುಂಗದವರಲ್ಲಿ ಇದು 1ರ ಆಸುಪಾಸು. ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು, ನಿಮಗೆ ಎಷ್ಟೆಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಲ್ಯಾಬಿನವರು 3 ಎಂಬುದರ ಪಕ್ಕ ‘ಹೆಚ್ಚು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಮನೆಮಂದಿಯನ್ನು ಹೆದರಿಸುತ್ತಾರೆ. ನಿಮಗೆ ಅದೇ ಸರಿಯಾದ ಅಂಕಿ, ಹೆದರಿ ಮಾತ್ರೆ ಬಿಡಬೇಡಿ. ನೀಲಿ ಮುಚ್ಚಳದ ಸಣ್ಣ ನಳಿಕೆಗೆ ಗೆರೆಯವರೆಗೂ ರಕ್ತ ತುಂಬಿದೆಯೇ ಗಮನಿಸಿ. ಕಡಿಮೆ ತುಂಬಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಮೊದಲಿಗೆ ವಾರಕ್ಕೊಮ್ಮೆಯಾದರೂ ಬೇಕು, ಅಂಕಿ ನೆಲೆನಿಂತ ಮೇಲೆ ತಿಂಗಳಿಗೊಮ್ಮೆ ಸಾಕು. ಕೂಲಿ ಹೋಗುವ ಕಷ್ಟ ನನಗೆ ಗೊತ್ತು. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಇದೆಯೇ ವಿಚಾರಿಸಿ. ಬೆಳಿಗ್ಗೆ ರಕ್ತ ಕೊಟ್ಟು, ಫಲಿತಾಂಶವನ್ನು ನಿಮ್ಮ ವೈದ್ಯರಿಗೆ ಫೋನಿನಲ್ಲಿ ತಿಳಿಸಿದರೆ ರಾತ್ರಿಯ ಡೋಸನ್ನು ಅವರು ಅಲ್ಲಿಂದಲೇ ಹೇಳಬಲ್ಲರು. ಮಾತ್ರೆ ರಾತ್ರಿಗೆ ಇಟ್ಟಿರುವುದೂ ಆ ಅನುಕೂಲಕ್ಕೇ.

ಮಗುವಿನ ಮಾತನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ, ನಾನಾದರೆ ಮೊದಲು ಬರೆಯುತ್ತಿದ್ದೆ. ಗರ್ಭದ 6ರಿಂದ 12ನೇ ವಾರದೊಳಗೆ ಈ ಮಾತ್ರೆ ಮಗುವಿನ ಮೂಗು, ಮೂಳೆಗಳ ಬೆಳವಣಿಗೆ ಕೆಡಿಸಬಹುದು. ಮಗುವಿಗಾಗಿ ನೀವೇ ಮಾತ್ರೆ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ನಿಮ್ಮ ಜೀವಕ್ಕೇ ಸಂಚಕಾರ. ಗರ್ಭ ನಿಲ್ಲುವ ಮುಂಚೆಯೇ ಹೃದಯತಜ್ಞರನ್ನೂ ಹೆರಿಗೆ ವೈದ್ಯರನ್ನೂ ಒಟ್ಟಿಗೆ ಕಾಣಿ, ಯಾವ ತಿಂಗಳು ಯಾವ ಔಷಧಿ ಎಂದು ಅವರು ನಿರ್ಧರಿಸಲಿ. ಅಲ್ಲಿಯವರೆಗೆ ಗರ್ಭ ನಿಲ್ಲದಂತೆ ಯಾವ ಕ್ರಮ ನಿಮಗೆ ಹೊಂದುತ್ತದೆಂದು ಅವರನ್ನೇ ಕೇಳಿ. ಮುಟ್ಟು ನಾಲ್ಕೈದು ದಿನ ತಡವಾದರೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಂಡು, ಎರಡು ಗೆರೆ ಮೂಡಿದರೆ ಆ ದಿನವೇ ಫೋನ್ ಮಾಡಿ.