‘ವಾಪಸ್ ಇಲ್ಲ’ ಎಂದು ಬರೆದರೆ ಸಾಲದು: ಸೀರೆ ಮಾರುವವರಿಗೆ ಕಾನೂನಿನ ನಾಲ್ಕು ಮಾತು

ಸೋಲೂರಿನಲ್ಲಿ ಮನೆಯಿಂದಲೇ ಕೈಮಗ್ಗದ ಸೀರೆ ಮಾರುವ ಹೆಣ್ಣುಮಗಳೊಬ್ಬರಿಗೆ ಬೆಂಗಳೂರಿನ ಗ್ರಾಹಕ ಆಯೋಗದಿಂದ ನೋಟಿಸ್ ಬಂತು. ಮಾರಿದ್ದು 4,200 ರೂಪಾಯಿಯ ಒಂದು ಇಳಕಲ್ ಸೀರೆ. ಆನ್‌ಲೈನ್ ಪುಟದಲ್ಲಿ ಅವರು ಹಾಕಿದ್ದು ಸಗಟು ವ್ಯಾಪಾರಿ ಕಳಿಸಿದ ಒಂದು ಫೋಟೊ, ‘ಪ್ಯೂರ್ ಸಿಲ್ಕ್, 6 ಗಜ’ ಎಂಬ ಒಂದು ಸಾಲು, ಕೆಳಗೆ ದಪ್ಪ ಅಕ್ಷರದಲ್ಲಿ ‘ನೋ ರಿಟರ್ನ್, ನೋ ಎಕ್ಸ್‌ಚೇಂಜ್’. ಕೊಂಡಾಕೆಯ ದೂರು ಎರಡು: ಒಡಲು ರೇಷ್ಮೆಯಲ್ಲ, ಹತ್ತಿ; ಸೆರಗಿನ ಹತ್ತಿರ ಅಡ್ಡಕ್ಕೆ ಒಂದು ಗೆರೆ ಇದೆ, ಎಲ್ಲೋ ಹರಿದದ್ದನ್ನು ಸೇರಿಸಿ ಕೊಟ್ಟಿದ್ದಾರೆ. ನಮ್ಮ ಕಕ್ಷಿದಾರರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ವಾಪಸ್ ಇಲ್ಲ ಅಂತ ಮೊದಲೇ ಬರೆದಿದ್ದೆನಲ್ಲ?”

ಜನ ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಈ ನಂಬಿಕೆಯಿಂದ. ಸೀರೆ ವಾಪಸ್ ಬರುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ, ಕಾನೂನು ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಒಂದು, ಮನಸ್ಸಿಗೆ ಹಿಡಿಸಲಿಲ್ಲ ಎಂಬುದು. ಅದಕ್ಕೆ ವಾಪಸ್ ತೆಗೆದುಕೊಳ್ಳಲೇಬೇಕು ಎಂದು ನಮ್ಮ ಗ್ರಾಹಕ ಕಾನೂನು ಹೇಳುವುದಿಲ್ಲ. ತೆಗೆದುಕೊಳ್ಳಿ, ಬಿಡಿ, ನಿಮ್ಮಿಷ್ಟ; ಆದರೆ ಅದನ್ನು ಮಾರುವ ಮೊದಲೇ ಸ್ಪಷ್ಟವಾಗಿ ಬರೆದಿರಬೇಕು. ಇನ್ನೊಂದು, ಸೀರೆಯಲ್ಲಿ ದೋಷವಿದೆ ಅಥವಾ ಪುಟದಲ್ಲಿ ಹೇಳಿದಂತೆ ಅದು ಇಲ್ಲ ಎಂಬುದು. ಇಲ್ಲಿ ನಿಮ್ಮಿಷ್ಟ ನಡೆಯುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ, ಜಾಹೀರಾತಿನ ವಿವರಕ್ಕೆ ಹೊಂದದ ಸರಕನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಹಾಗಾಗಿ ‘ನೋ ರಿಟರ್ನ್’ ಎಂಬ ಒಂದೇ ಸಾಲು ನಿಮ್ಮನ್ನು ಕಾಯುವುದಿಲ್ಲ. ದೋಷದ ಮಾತು ಬಂದಾಗ ಆ ಸಾಲಿಗೆ ಬೆಲೆಯಿಲ್ಲ, ಮೇಲಾಗಿ ನೀವು ಮೊದಲೇ ನಿರಾಕರಿಸಲು ತಯಾರಾಗಿ ಕೂತಿದ್ದಿರಿ ಎನ್ನುವುದಕ್ಕೆ ಅದೇ ಸಾಕ್ಷಿಯಾಗುತ್ತದೆ. ನಿಮ್ಮನ್ನು ಕಾಯುವುದು ಪುಟದಲ್ಲಿರುವ ಫೋಟೊ ಮತ್ತು ವಿವರ. ‘ಹೇಳಿದಂತೆ ಇದೆಯೋ ಇಲ್ಲವೋ’ ಎಂದು ಆಯೋಗ ನೋಡುವುದು ನೀವು ಏನು ಹೇಳಿದ್ದಿರಿ ಎಂಬುದನ್ನೇ.

ಮೇಲಿನ ಸೀರೆಯನ್ನೇ ತೆಗೆದುಕೊಳ್ಳಿ. ಸೆರಗಿನ ಹತ್ತಿರದ ಆ ಗೆರೆ ದೋಷವೇ ಅಲ್ಲ. ಇಳಕಲ್ ನೇಯ್ಗೆಯಲ್ಲಿ ಒಡಲಿನ ಹಾಸು ನೂಲೂ ಸೆರಗಿನ ಹಾಸು ನೂಲೂ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಗೆರೆ ಅಸಲಿ ಇಳಕಲ್‌ನ ಗುರುತು. ಅದನ್ನು ಹತ್ತಿರದಿಂದ ತೆಗೆದ ಒಂದು ಫೋಟೊ, ‘ಒಡಲು ಮತ್ತು ಸೆರಗು ಸೇರುವ ಕೊಂಡಿ ಗೆರೆ, ಇದು ನೇಯ್ಗೆಯ ಭಾಗ’ ಎಂಬ ಒಂದು ಸಾಲು ಇದ್ದಿದ್ದರೆ ದೂರಿನ ಅರ್ಧ ಅಲ್ಲೇ ಬಿದ್ದುಹೋಗುತ್ತಿತ್ತು. ಉಳಿದ ಅರ್ಧಕ್ಕೆ ಸಮರ್ಥನೆ ಇರಲಿಲ್ಲ. ಒಡಲು ಹತ್ತಿಯಾಗಿದ್ದು, ಅಂಚು ಮತ್ತು ಸೆರಗಿನಲ್ಲಿ ಮಾತ್ರ ರೇಷ್ಮೆ ಇದ್ದಾಗ ಇಡೀ ಸೀರೆಗೆ ‘ಪ್ಯೂರ್ ಸಿಲ್ಕ್’ ಎಂದು ಬರೆಯುವುದು ಸುಳ್ಳು ವಿವರಣೆ. ಸಗಟಿನವನು ಹಾಗೆ ಹೇಳಿದ ಎಂಬ ಉತ್ತರ ಕೊಂಡವರ ಎದುರು ನಿಲ್ಲುವುದಿಲ್ಲ, ಪುಟ ನಿಮ್ಮದು. ಸೀರೆಯ ಹಣ ಮತ್ತು ಎರಡೂ ಕಡೆಯ ಕೊರಿಯರ್ ಖರ್ಚು ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು.

ಆದ್ದರಿಂದ ನೂಲನ್ನು ಬಿಡಿಸಿ ಬರೆಯಿರಿ: ಒಡಲು ಯಾವುದು, ಅಂಚು ಯಾವುದು, ಸೆರಗು ಯಾವುದು, ಜರಿ ಎಂಥದ್ದು. ಕೃತಕ ರೇಷ್ಮೆಯಾದರೆ ಹಾಗೆಂದೇ ಬರೆಯಿರಿ. ಮಾರುವ ಸೀರೆಯದೇ ಫೋಟೊ ಹಾಕಿ, ಹಗಲು ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ: ಪೂರ್ತಿ ಒಡಲು, ಅಂಚು, ಸೆರಗು, ರವಿಕೆ ಕಣ. ‘ಬಣ್ಣ ಸ್ವಲ್ಪ ವ್ಯತ್ಯಾಸವಾಗಬಹುದು’ ಎಂಬ ಸಾಲನ್ನು ಎಲ್ಲರೂ ಹಾಕುತ್ತಾರೆ. ಕೆಂಪು ತೋರಿಸಿ ಮರೂನ್ ಕಳಿಸಿದರೆ ಅದು ಯಾರನ್ನೂ ಉಳಿಸುವುದಿಲ್ಲ.

ಅಳತೆ ಮೀಟರಿನಲ್ಲಿರಲಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಗಜ, ಮೊಳದ ಲೆಕ್ಕದಲ್ಲಿ ಬೆಲೆ ಹೇಳುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ‘ಸೀರೆ 5.5 ಮೀಟರ್, ರವಿಕೆ ಕಣ 0.8 ಮೀಟರ್, ಅಗಲ 1.15 ಮೀಟರ್, ಒಗೆಯುವ ಮೊದಲಿನ ಅಳತೆ’ ಎಂದು, ನಿಜವಾಗಿ ಅಳೆದು ಬರೆಯಿರಿ. ಕೈಮಗ್ಗದ ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಆ ಕೊನೆಯ ಮೂರು ಪದ ಬಿಟ್ಟರೆ ತಿಂಗಳಾದ ಮೇಲೆ ಟೇಪು ಹಿಡಿದವರ ಜೊತೆ ವಾದ ಮಾಡಬೇಕಾಗುತ್ತದೆ.

ಬೆಲೆಯಲ್ಲಿ ಆಟ ಬೇಡ. ತೆರಿಗೆ, ಕೊರಿಯರ್, ಪ್ಯಾಕಿಂಗ್ ಎಲ್ಲ ಸೇರಿದ ಒಟ್ಟು ಮೊತ್ತ ಒಂದೇ ಅಂಕಿಯಲ್ಲಿ, ಅದರ ವಿಂಗಡಣೆ ಪಕ್ಕದಲ್ಲಿ. ಮಾರುವವರ ಹೆಸರು, ವಿಳಾಸ, ದೂರು ಕೇಳುವವರ ಹೆಸರು, ಫೋನ್ ಸಂಖ್ಯೆಯೂ ಪುಟದಲ್ಲಿರಬೇಕು. ದೂರು ಬಂದರೆ 48 ಗಂಟೆಯಲ್ಲಿ ತಲುಪಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಇನ್ನು ವಾಪಸಿನ ಷರತ್ತು. ‘ಪಾಲಿಸಿ ಪೇಜ್ ಮಾಡಿಕೊಡುತ್ತೇವೆ’ ಎಂದು ದುಡ್ಡು ಕೀಳುವ ಏಜೆಂಟರು ಯಾವುದೋ ದೊಡ್ಡ ಕಂಪನಿಯದನ್ನು ಹಾಗೇ ಅಂಟಿಸಿಕೊಡುತ್ತಾರೆ. ಅದರಲ್ಲಿ ‘ಮೂರು ದಿನದಲ್ಲಿ ತಲುಪುತ್ತದೆ’ ಎಂಬ ಸಾಲೂ ಸೇರಿರುತ್ತದೆ. ಹೇಳಿದ ದಿನಕ್ಕಿಂತ ತಡವಾದರೂ ಗ್ರಾಹಕರು ವಾಪಸ್ ಮಾಡಬಹುದು! ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚಿದರೆ ವಿನಾಯಿತಿ ಕೇಳಬಹುದು ನಿಜ, ಅದನ್ನು ತೋರಿಸಿಕೊಡುವ ಹೊರೆ ನಿಮ್ಮದು. ಸೋಲೂರಿನಿಂದ ಕಳಿಸುವವರು ಹತ್ತು ದಿನ ಎಂದೇ ಬರೆಯಲಿ. ಷರತ್ತು ಇಷ್ಟು ಸರಳವಾಗಿದ್ದರೆ ಸಾಕು:

‘ದೋಷವಿದ್ದರೆ, ಬೇರೆ ಸೀರೆ ಬಂದಿದ್ದರೆ ಅಥವಾ ಇಲ್ಲಿನ ವಿವರಕ್ಕೆ ಹೊಂದದಿದ್ದರೆ 30 ದಿನದೊಳಗೆ ತಿಳಿಸಿ, ಪೂರ್ತಿ ಹಣ ವಾಪಸ್, ಕಳಿಸುವ ಖರ್ಚು ನಮ್ಮದು. ಇಷ್ಟವಾಗದಿದ್ದರೆ 7 ದಿನದೊಳಗೆ, ಉಡದೆ, ಒಗೆಯದೆ, ಫಾಲ್ ಹಾಕದೆ ಕಳಿಸಿ. ಬದಲಿ ಸೀರೆ ಕೊಡುತ್ತೇವೆ, ಕಳಿಸುವ ಖರ್ಚು ನಿಮ್ಮದು.’

ಎರಡನೆಯ ಭಾಗ ಬೇಡವೆಂದರೆ ‘ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ವಾಪಸ್ ಇಲ್ಲ’ ಎಂದು ಬರೆಯಿರಿ. ಮೊದಲನೆಯದನ್ನು ಮಾತ್ರ ಮುಟ್ಟಬೇಡಿ. ಪೊಟ್ಟಣ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ದೂರೇ ಕೇಳುವುದಿಲ್ಲ ಎಂದು ಈಗ ಎಲ್ಲರೂ ಬರೆಯುತ್ತಾರೆ. ವಿಡಿಯೊ ಕೇಳಿ, ತಪ್ಪಿಲ್ಲ. ಆದರೆ ಅಂಥ ಷರತ್ತು ನಿಯಮದಲ್ಲಿ ಎಲ್ಲೂ ಇಲ್ಲ. ಬೇರೆ ಪುರಾವೆ ಇದ್ದರೆ ನಿರಾಕರಿಸಲಾಗದು.

ಕೊಂಡವರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ನೋಟಿಸ್ ಬಂದರೆ ಹೆದರಿ ಪೆಟ್ಟಿಗೆಯಲ್ಲಿಡಬೇಡಿ. ‘ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಮಧ್ಯವರ್ತಿಯ ಕೈಗೂ ಕೊಡಬೇಡಿ, ಅವನು ನೋಡಿಕೊಳ್ಳುವುದು ನಿಮ್ಮ ದುಡ್ಡನ್ನು ಮಾತ್ರ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಸರು ಕೊಟ್ಟು ಕೇಳಿ, ಕಚೇರಿಯವರು ನಾಳೆ ಬಾ ಎಂದರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸಿಗೆ ಉತ್ತರ ಕೊಡಲು ಇರುವುದು 30 ದಿನ, ಆಯೋಗ ಒಪ್ಪಿದರೆ ಇನ್ನೂ 15. ಆ 45 ದಿನ ದಾಟಿದ ಮೇಲೆ ಆಯೋಗವೂ ಸಮಯ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲೇ ಹೇಳಿದೆ.