ಅಂಗನವಾಡಿಯಲ್ಲಿ ಬರೀ ಕಾಗದ ಹರಿಸುತ್ತಾರೆ!

ಪ್ರಶ್ನೆ: ನಾವು ಹನೂರಿನವರು. ಮಗಳಿಗೆ ಮೂರು ವರ್ಷ ನಾಲ್ಕು ತಿಂಗಳು, ಅಂಗನವಾಡಿಗೆ ಹೋಗುತ್ತಾಳೆ. ಕೊಳ್ಳೇಗಾಲದಲ್ಲಿರುವ ನನ್ನ ಅಕ್ಕನ ಮಗ ಇವಳಿಗಿಂತ ಎರಡೇ ತಿಂಗಳು ದೊಡ್ಡವನು. ಕಾನ್ವೆಂಟಿನಲ್ಲಿ ಅವನಿಗೆ ಆಗಲೇ ಎ ಬಿ ಸಿ ಬರೆಸುತ್ತಿದ್ದಾರೆ. ಇಲ್ಲಿ ನೋಡಿದರೆ ಕಾಗದ ಹರಿಸುವುದು, ಮಣಿ ಪೋಣಿಸುವುದು, ಮಣ್ಣುಂಡೆ ಮಾಡಿಸುವುದು, ಇಷ್ಟೇ. ಯಳಂದೂರಿನಿಂದ ಬಂದಿದ್ದ ನಮ್ಮತ್ತೆ ಇದನ್ನು ನೋಡಿ, “ಮಣ್ಣಾಡೋಕೆ ಅಲ್ಲಿಗ್ಯಾಕೆ ಕಳಿಸ್ಬೇಕು, ಮನೆ ಮುಂದೇನೇ ಇದೆಯಲ್ಲ” ಅಂದರು. ಆಮೇಲಿಂದ ರಾತ್ರಿ ಹೊತ್ತು ನಾನೇ ಕೈ ಹಿಡಿದು ಸ್ಲೇಟಿನ ಮೇಲೆ ‘ಅ’ ತಿದ್ದಿಸುತ್ತಿದ್ದೇನೆ. ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳೆ, ಗೀಚುತ್ತಾಳೆ, ಆಮೇಲೆ ಅಳುತ್ತಾಳೆ. ಈಗ ಸ್ಲೇಟು ಕಂಡರೆ ಓಡಿಹೋಗುತ್ತಾಳೆ. ಟೀಚರ್ ಹೇಳಿದರೆಂದು ಮನೆಯಲ್ಲಿ ಪೇಪರ್ ಹರಿಯಲು ಕೊಟ್ಟೆ. ಅದನ್ನೂ ಎಳೆದು ಎಳೆದು ಮುದ್ದೆ ಮಾಡಿ ಬಿಸಾಡಿದಳು. ಇವಳಿಗೆ ಕೈಯಲ್ಲಿ ಬಲ ಇಲ್ಲವೇ? ಕಾನ್ವೆಂಟಿಗೆ ಸೇರಿಸಿಬಿಡಲೇ?
— ಹೆಸರು ಬೇಡ, ಹನೂರು

ಉತ್ತರ: ‘ಅ’ ತಿದ್ದಿಸುವುದನ್ನು ಇವತ್ತೇ ನಿಲ್ಲಿಸಿ. ಕಾನ್ವೆಂಟಿನ ವಿಚಾರ ಆಮೇಲೆ ನೋಡೋಣ. ನೀವು ಬರೆದಿರುವುದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು ಬಳಪದ ಮಾತಲ್ಲ, ಪೇಪರಿನ ಮಾತು. ಎಳೆದು ಎಳೆದು ಮುದ್ದೆ ಮಾಡಿದಳು ಎಂದಿದ್ದೀರಲ್ಲ, ನಿಮ್ಮ ಮಗಳ ಕೈ ಈಗ ಏನು ಕಲಿಯುತ್ತಿದೆ, ಯಾವುದು ಇನ್ನೂ ಕೂಡಿಬಂದಿಲ್ಲ ಎಂಬುದು ಅದರಲ್ಲೇ ಇದೆ.

ಮೊದಲು ಬಳಪದ್ದು ಮುಗಿಸುತ್ತೇನೆ. ಮೂರು ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲೋ, ಅಂಗೈ ಕೆಳಗೆ ಮಾಡಿ ಬೆರಳುಗಳಲ್ಲೋ ಹಿಡಿಯುವುದು ಸಹಜ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಹಿಡಿಯುವುದು ಬಹಳ ಮಕ್ಕಳಲ್ಲಿ ನಾಲ್ಕರಿಂದ ಆರರ ನಡುವೆ ಬರುತ್ತದೆ. ಗೆರೆಗಳಿಗೂ ಒಂದು ಸರದಿ ಇದೆ. ಎರಡು ವರ್ಷದ ಆಸುಪಾಸಿನಲ್ಲಿ ಮೇಲಿಂದ ಕೆಳಗೆ ಗೆರೆ, ಆಮೇಲೆ ಅಡ್ಡಗೆರೆ, ಮೂರರ ಹೊತ್ತಿಗೆ ಸುಮಾರಾಗಿ ಒಂದು ಸೊನ್ನೆ, ನಾಲ್ಕರ ಹೊತ್ತಿಗೆ ಕೂಡು ಚಿಹ್ನೆ. ಓರೆಗೆರೆ ಇನ್ನೂ ತಡ. ‘ಅ’ ಬರೆಯಬೇಕಾದರೆ ಕೈ ಒಂದು ಕಡೆಗೆ ಸುತ್ತಿ, ನಡುವೆ ತಿರುಗಿ, ಮತ್ತೊಂದು ಕಡೆಗೆ ಹೊರಳಬೇಕು. ಸೊನ್ನೆಯ ಬಾಯಿ ಮುಚ್ಚಲು ಈಗಷ್ಟೇ ಕಲಿಯುತ್ತಿರುವ ಕೈಗೆ ಅದು ಎರಡು ಮೆಟ್ಟಿಲು ಮೇಲಿನ ಕೆಲಸ. ನೀವು ಕೈ ಹಿಡಿದು ತಿದ್ದಿಸಿದಾಗ ಬರೆಯುವುದು ನಿಮ್ಮ ಕೈ. ಅವಳ ಕೈ ಸುಮ್ಮನೆ ಜೊತೆಗೆ ಹೋಗುತ್ತದೆ, ಏನೂ ಕಲಿಯುವುದಿಲ್ಲ. ಮಗುವಿನ ಮಣಿಕಟ್ಟಿನ ಎಕ್ಸ್‌ರೇ ಚಿತ್ರವೊಂದು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ, ಮೂಳೆ ಬಲಿತಿಲ್ಲ, ಆದ್ದರಿಂದ ಬರೆಸಬೇಡಿ ಎಂದು. ಮೂಳೆ ಪೂರ್ತಿ ಬಲಿತಿರುವುದಿಲ್ಲ ಎನ್ನುವುದು ನಿಜವೇ. ಆದರೆ ಇಲ್ಲಿ ತೊಡಕು ಮೂಳೆಯದಲ್ಲ. ಬೆರಳುಗಳನ್ನು ಒಂದೊಂದಾಗಿ ಆಡಿಸುವ, ಎರಡು ಕೈಗೂ ಬೇರೆ ಬೇರೆ ಕೆಲಸ ಕೊಡುವ ಹಿಡಿತ ಇನ್ನೂ ಕೂಡಿಬಂದಿರುವುದಿಲ್ಲ. ಆ ಹಿಡಿತ ಬರುವುದು ಬಳಪದಿಂದಲ್ಲ. ನಿಮ್ಮ ಟೀಚರ್ ಮಾಡಿಸುತ್ತಿರುವ ಆ ಮೂರು ಕೆಲಸಗಳಿಂದ.

ಕಾಗದವನ್ನೇ ತೆಗೆದುಕೊಳ್ಳಿ. ಒಂದು ಹಾಳೆ ನೀವೇ ಹರಿದು ನೋಡಿ, ನಿಧಾನವಾಗಿ. ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳು ಅಂಚಿನಲ್ಲಿ ಪಕ್ಕಪಕ್ಕಕ್ಕೆ ಬಂದು ಚಿವುಟಿ ಹಿಡಿಯುತ್ತವೆ. ಆಮೇಲೆ ಒಂದು ಕೈ ನಿಮ್ಮ ಕಡೆಗೆ ಬರುತ್ತದೆ, ಇನ್ನೊಂದು ಆಚೆಗೆ ಹೋಗುತ್ತದೆ. ನಿಮ್ಮ ಮಗಳು ಮಾಡಿದ್ದು ಬೇರೆ. ಹಾಳೆಯ ಎರಡು ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಎಳೆದಿದ್ದಾಳೆ. ಹಾಗೆ ಎಳೆದರೆ ದೊಡ್ಡವರಿಗೂ ಹಾಳೆ ಸುಲಭಕ್ಕೆ ಹರಿಯುವುದಿಲ್ಲ. ಅವಳಿಗೆ ಬಲ ಕಡಿಮೆಯಿಲ್ಲ, ಎರಡು ಕೈಯನ್ನು ಎದುರುಬದುರು ದಿಕ್ಕಿಗೆ ತಿರುಗಿಸುವುದು ಇನ್ನೂ ಗೊತ್ತಾಗಿಲ್ಲ, ಅಷ್ಟೆ.

ಹೀಗೆ ಮಾಡಿ. ಹಳೆಯ ದಿನಪತ್ರಿಕೆಯನ್ನು ನಾಲ್ಕು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ. ಪತ್ರಿಕೆಯ ಕಾಗದಕ್ಕೆ ಒಂದು ಎಳೆ ಇರುತ್ತದೆ. ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಹರಿದರೆ ನೆಟ್ಟಗೆ ಬರುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟಗೆ ಹೋಗುತ್ತದೆ. ಮೊದಲು ಒಂದು ತುಂಡು ಹರಿದು ಎಳೆ ಯಾವ ಕಡೆಗಿದೆ ಎಂದು ನೋಡಿಕೊಂಡು, ಆ ಕಡೆಗೇ ಹರಿಯುವಂತೆ ಪಟ್ಟಿಯನ್ನು ಅವಳ ಕೈಗೆ ಕೊಡಿ. ಅಂಚಿನಲ್ಲಿ ಒಂದು ಬೆರಳಗಲ ನೀವೇ ಹರಿದು ಸೀಳು ಮಾಡಿಕೊಡಿ. ಸೀಳಿನ ಈ ಪಕ್ಕ ಒಂದು ಹೆಬ್ಬೆರಳು, ಆ ಪಕ್ಕ ಇನ್ನೊಂದು. ಅವಳ ಹಿಂದೆ ಕುಳಿತು ನಿಮ್ಮದೊಂದು ಪಟ್ಟಿಯನ್ನು ಅವಳ ಕಣ್ಣೆದುರಿಗೆ ಹಿಡಿದು ಹರಿದು ತೋರಿಸಿ. ಎದುರಿಗೆ ಕುಳಿತು ತೋರಿಸಿದರೆ ನಿಮ್ಮ ಕೈ ಅವಳಿಗೆ ತಿರುಗುಮುರುಗಾಗಿ ಕಾಣುತ್ತದೆ. “ಒಂದು ಕೈ ಅಮ್ಮನ ಹತ್ರ, ಒಂದು ಕೈ ಬಾಗಿಲ ಹತ್ರ” ಎಂದರೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಸರ್ರೆಂದು ಹರಿದ ಸದ್ದು ಕೇಳಿದ ಮೇಲೆ ಇನ್ನೊಂದು ಪಟ್ಟಿ ತಾನೇ ಕೇಳುತ್ತಾಳೆ.

ಸೀಳಿಲ್ಲದೆ ಹರಿಯಲು ಬಂದರೆ ನೋಟ್‌ಬುಕ್ಕಿನ ಹಾಳೆ ಕೊಡಿ. ಹಳೆಯ ಲಗ್ನಪತ್ರಿಕೆ ಕೊನೆಗಿರಲಿ, ಅದಕ್ಕೆ ನಿಜವಾಗಿಯೂ ಬಲ ಬೇಕು. ಉದ್ದಕ್ಕೆ ಹರಿಯುವುದು ಕೈಗೂಡಿದ ಮೇಲೆ ಚಿಕ್ಕ ಚಿಕ್ಕ ಚೂರು ಮಾಡಿಸಿ. ಚೂರು ಮಾಡುವಾಗ ಮುಷ್ಟಿ ಕೆಲಸಕ್ಕೆ ಬರುವುದಿಲ್ಲ, ಬೆರಳ ತುದಿಯೇ ಬೇಕು. ಆ ಚೂರುಗಳನ್ನು ಮೈದಾ ಅಂಟಿನಲ್ಲಿ ಒಂದು ರಟ್ಟಿಗೆ ಅಂಟಿಸಲಿ. ಹಲ್ಲಿನಿಂದ ಕಚ್ಚಿ ಹರಿಯತೊಡಗಿದರೆ ಕಾಗದ ಗಟ್ಟಿಯಾಯಿತು ಎಂದು ತಿಳಿದು ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಹತ್ತು ನಿಮಿಷ ಸಾಕು. ಅದಕ್ಕೆ ಮೊದಲೇ ಎದ್ದು ಹೋದರೆ ಹೋಗಲಿ ಬಿಡಿ.

ಪೋಣಿಸುವುದರ ಬಗ್ಗೆ ಒಂದು ಎಚ್ಚರಿಕೆ ಮೊದಲು. ಹುಣಸೆಬೀಜ, ಜಪಮಣಿ, ಸಣ್ಣ ಗಾಜಿನ ಮಣಿ ಯಾವುದೂ ಬೇಡ. ಈ ವಯಸ್ಸಿನಲ್ಲಿ ಅವು ಬಾಯಿಗೋ ಮೂಗಿಗೋ ಹೋಗುತ್ತವೆ. ನಿಮ್ಮ ಕಡೆ ರೇಷ್ಮೆಗೂಡು ಸುಲಭವಾಗಿ ಸಿಗುತ್ತದೆ, ಹಗುರ, ಚೆಂದವೂ ಹೌದು. ಆದರೆ ಮೂರು ವರ್ಷದ ಗಂಟಲಿಗೆ ಅದೂ ಅಪಾಯದ ಗಾತ್ರವೇ. ಟೈಲರ್ ಅಂಗಡಿಯಲ್ಲಿ ದಾರ ಮುಗಿದ ದೊಡ್ಡ ರೀಲುಗಳು ಸಿಗುತ್ತವೆ, ಅವನ್ನು ಕೇಳಿ ತನ್ನಿ. ಮಗುವಿನ ಬಾಯೊಳಗೆ ಹಿಡಿಸುವಂಥದ್ದು ಬೇಡ. ದಾರಕ್ಕೆ ಶೂ ಲೇಸು ಒಳ್ಳೆಯದು. ಒಂದು ತುದಿಗೆ ಗಂಟು ಹಾಕಿ, ಇನ್ನೊಂದು ತುದಿಗೆ ಸೆಲೋಟೇಪು ಸುತ್ತಿ ಗಟ್ಟಿ ಮಾಡಿ. ಗಟ್ಟಿ ಮಾಡಿದ ಭಾಗ ರೀಲಿಗಿಂತ ಎರಡು ಬೆರಳಷ್ಟು ಉದ್ದವಿರಲೇಬೇಕು. ಇದನ್ನು ಬಹಳ ಜನ ಗಮನಿಸುವುದಿಲ್ಲ. ತುದಿ ಗಿಡ್ಡವಾದರೆ ಮಗು ತೂರಿಸಿದ ಲೇಸು ರೀಲಿನ ಒಳಗೇ ಉಳಿಯುತ್ತದೆ, ಆಚೆ ಬದಿಯಲ್ಲಿ ಕಾಣುವುದಿಲ್ಲ. ಮಗು ಕೈಬಿಡುತ್ತದೆ, ಎಲ್ಲ ಜಾರಿ ಹೊರಬರುತ್ತದೆ, ನಾವು “ಇವಳಿಗೆ ಬರೋದಿಲ್ಲ” ಅಂದುಬಿಡುತ್ತೇವೆ.

ತೂರಿಸುವುದು ಸುಲಭ. ಆಚೆ ಬಂದ ತುದಿಯನ್ನು ಹಿಡಿಯಲು ಕೈ ಬದಲಾಯಿಸಬೇಕಲ್ಲ, ಅಲ್ಲಿದೆ ಕಲಿಕೆ. ಲೇಸು ಹಿಡಿದ ಕೈ ಬಿಡಬೇಕು, ರೀಲು ಹಿಡಿದ ಕೈ ಅಲುಗಬಾರದು. ನಾಳೆ ಒಂದು ಕೈ ಬರೆಯುವಾಗ ಇನ್ನೊಂದು ಕೈ ಪುಸ್ತಕ ಜಾರದಂತೆ ಒತ್ತಿ ಹಿಡಿಯುವುದು ಇದೇ ಕೆಲಸ. ಅದು ಬರುವವರೆಗೆ, ಮಣ್ಣುಂಡೆಯಲ್ಲಿ ಒಂದು ದಪ್ಪ ಸ್ಟ್ರಾ ನೆಟ್ಟು ರೀಲುಗಳನ್ನು ಮೇಲಿಂದ ಇಳಿಬಿಡಲು ಕೊಡಿ. ಆಟ ಮುಗಿದ ಮೇಲೆ ಲೇಸನ್ನು ತೆಗೆದಿಡಿ, ಕತ್ತಿಗೆ ಸುತ್ತಿಕೊಳ್ಳುವುದು ಬೇಡ.

ಅಂದ ಹಾಗೆ, ಇವನ್ನೆಲ್ಲ ಎಡಗೈಯಲ್ಲಿ ಮಾಡಿದರೆ ಯಾರೂ ತಡೆಯಬೇಡಿ, ಅತ್ತೆಯವರಿಗೂ ಹೇಳಿ. ಯಾವ ಕೈ ಮುಂದೆ ಎನ್ನುವುದು ಈ ವಯಸ್ಸಿನಲ್ಲಿ ಇನ್ನೂ ನಿಲ್ಲುತ್ತಿರುತ್ತದೆ.

ಮಣ್ಣಿನ ಕೆಲಸಕ್ಕೆ ಕಲ್ಲು, ಗಾಜಿನ ಚೂರು ಆರಿಸಿ ತೆಗೆದ ಜೇಡಿಮಣ್ಣು ಆಗಬಹುದು. ಇಲ್ಲದಿದ್ದರೆ ಚಪಾತಿ ಹಿಟ್ಟೇ ಸಾಕು, ಹಸಿ ಹಿಟ್ಟು ತಿನ್ನದಂತೆ ನೋಡಿಕೊಳ್ಳಿ. ನಿಮ್ಮ ಮನೆಯಲ್ಲಿ ರಾಗಿಹಿಟ್ಟು ಯಾವಾಗಲೂ ಇರುತ್ತದೆ, ಆದರೆ ಅದಕ್ಕೆ ಗೋಧಿಯ ಜಿಗುಟಿಲ್ಲ. ಉಂಡೆಗೆ ಆಗುತ್ತದೆ, ಉದ್ದಕ್ಕೆ ಹೊಸೆದರೆ ಬಿರುಕು ಬಿಟ್ಟು ಮುರಿಯುತ್ತದೆ. ಮೊದಲು ನಿಂಬೆಹಣ್ಣಿನಷ್ಟು ಹಿಟ್ಟು ಕೊಟ್ಟು ಎರಡು ಅಂಗೈ ನಡುವೆ ಉಂಡೆ ಕಟ್ಟಿಸಿ. ಅಂಗೈ ಸ್ವಲ್ಪ ಕುಳಿಯಾಗಬೇಕು, ಚಪ್ಪಟೆ ಅಂಗೈಯಲ್ಲಿ ಉಂಡೆ ನಿಲ್ಲುವುದಿಲ್ಲ. ಆಮೇಲೆ ಮಣೆಯ ಮೇಲೆ ಇಟ್ಟು ಉದ್ದಕ್ಕೆ ಹೊಸೆಯಲಿ. ಶುರುವಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಎಳೆಯಂತೆ ತೆಳ್ಳಗಾಗುತ್ತದೆ, ಎರಡೂ ಕೈ ಒಂದೇ ಸಮ ಒತ್ತುತ್ತಿಲ್ಲ ಎಂದರ್ಥ. ದಪ್ಪ ಎಲ್ಲ ಕಡೆ ಒಂದೇ ಆಗುತ್ತ ಬಂದರೆ ಒತ್ತಡದ ಅಂದಾಜು ಸಿಗುತ್ತಿದೆ ಎಂದು ತಿಳಿಯಿರಿ. ಮುಂದೆ ಬಳಪ ಮುರಿಯದಂತೆ, ಹಾಳೆ ತೂತಾಗದಂತೆ ಬರೆಯಲು ಬೇಕಾಗುವುದು ಈ ಅಂದಾಜೇ.

ಹೊಸೆದದ್ದನ್ನು ಬಗ್ಗಿಸಿ ಎರಡು ತುದಿ ಸೇರಿಸಿದರೆ ಕೋಡುಬಳೆ. ನೀವು ಹಬ್ಬಕ್ಕೆ ಕೋಡುಬಳೆ ಮಾಡುವಾಗ ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೂ ಒಂದಿಷ್ಟು ಹಿಟ್ಟು ಕೊಡಿ, ಒಲೆಯಿಂದ ದೂರ. ಶುರು ಮಾಡಿದಲ್ಲಿಗೇ ಬಂದು ಸೇರಬೇಕು ಎನ್ನುವುದನ್ನು ಬೆರಳು ಅಲ್ಲಿ ಮುಟ್ಟಿ ತಿಳಿಯುತ್ತದೆ. ಮಾರನೆಯ ದಿನ ಅಂಗಳದಲ್ಲಿ ಗಿಡ್ಡ ಚಾಕ್‌ಪೀಸು ಕೊಟ್ಟು “ಒಂದು ಕೋಡುಬಳೆ ಬರಿ” ಎನ್ನಿ, ‘ಸೊನ್ನೆ’ ಎನ್ನಬೇಡಿ. ಬಾಯಿ ಮುಚ್ಚಿದ ದುಂಡು ಪದೇ ಪದೇ ತಾನಾಗಿಯೇ ಬರತೊಡಗಿದಾಗ, ಒಂದು ಕೈಯಲ್ಲಿ ಹಾಳೆ ಒತ್ತಿ ಹಿಡಿದು ಇನ್ನೊಂದರಲ್ಲಿ ಗೀಚತೊಡಗಿದಾಗ ಅಕ್ಷರದ ಮಾತು ತೆಗೆಯಬಹುದು. ಅದು ನಾಲ್ಕೂವರೆಗೆ ಬಂದರೂ ತಡವಲ್ಲ.

ಇನ್ನು ಕಾನ್ವೆಂಟು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಎಂದು ಇಟ್ಟಿದೆ, ಮೊದಲ ವರ್ಷಗಳನ್ನು ಆಟಕ್ಕೇ ಬಿಟ್ಟಿದೆ. ನಮ್ಮ ಅಂಗನವಾಡಿಗಳ ‘ಚಿಲಿಪಿಲಿ’ ಚಟುವಟಿಕೆಗಳೂ ಅದೇ ದಾರಿಯವು. ನಿಮ್ಮ ಟೀಚರ್ ಕೆಲಸ ಬಿಟ್ಟು ಹೊತ್ತು ಕಳೆಯುತ್ತಿಲ್ಲ, ಮಾಡಬೇಕಾದ್ದನ್ನೇ ಮಾಡುತ್ತಿದ್ದಾರೆ. ಬರೆಸುತ್ತಾರೆ ಎಂಬ ಒಂದೇ ಕಾರಣಕ್ಕೆ ಶಾಲೆ ಬದಲಿಸಬೇಡಿ.

ಕೊನೆಗೆ, ಕೆಲವು ವಿಷಯಗಳನ್ನು ಮಾತ್ರ ಹಾಗೇ ಬಿಡಬಾರದು. ಒಂದು ಕೈ ಸದಾ ಮುಷ್ಟಿ ಕಟ್ಟಿಕೊಂಡೇ ಇದ್ದು ಕೆಲಸಕ್ಕೆ ಬಾರದಿದ್ದರೆ, ಲೋಟ ಹಿಡಿಯುವಾಗ ಕೈ ನಡುಗಿದರೆ, ಮೊದಲು ಬರುತ್ತಿದ್ದದ್ದು ಈಗ ಬಾರದಾದರೆ, ಕಣ್ಣಿನ ತೀರ ಹತ್ತಿರ ಹಿಡಿದು ನೋಡಿದರೆ ತೋರಿಸಲೇಬೇಕು. ಮಣ್ಣನ್ನೂ ಬಳಪವನ್ನೂ ಬಿಡದೆ ತಿನ್ನುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ರಕ್ತಹೀನತೆ ಇರಬಹುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು, ಅದಕ್ಕೆ ದುಡ್ಡಿಲ್ಲ. ತಂಡ ಬರುವ ದಿನ ಯಾವುದೆಂದು ಟೀಚರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಆ ದಿನ ಕೂಲಿ ಕೆಲಸವಿದ್ದರೂ ನೀವೇ ಮಗಳ ಜೊತೆ ಹೋಗಿ.