ನೂರು ಲೀಟರ್, ಎರಡು ಚದರ ಮೀಟರ್

ನಮ್ಮ ಸದಾಶಿವಗಡದ ಮನೆಗೆ ಸೋಲಾರ್ ಹೀಟರ್ ಹಾಕಿಸಲು ಹೊರಟಾಗ, ದರ ಹೇಳಲು ಬಂದಿದ್ದ ಅಂಗಡಿಯವರು ಒಂದೇ ಮಾತು ಒತ್ತಿ ಹೇಳಿದರು: "ಸರ್, ಇಲ್ಲಿ ಮಳೆ ಜಾಸ್ತಿ. ನೂರು ಲೀಟರಿನದು ಸಾಲುವುದಿಲ್ಲ, ಇನ್ನೂರರದ್ದೇ ಹಾಕಿಸಿ." ನೂರರದಕ್ಕೆ 28,000 ರೂಪಾಯಿ, ಇನ್ನೂರರದಕ್ಕೆ 45,000. ನಡುವಿನ 17,000 ರೂಪಾಯಿಗೆ ಮಳೆಗಾಲದ ಬಿಸಿನೀರು ಸಿಗುತ್ತದೆಯೇ? ಇದನ್ನು ಅಂದಾಜಿನಿಂದ ತೀರ್ಮಾನಿಸಬೇಕಾಗಿಲ್ಲ. ಫಲಕಕ್ಕೆ ಬಂದ ಶಾಖ, ಅದರಿಂದ ಸೋರಿದ ಶಾಖ, ಟ್ಯಾಂಕಿನಲ್ಲಿ ಉಳಿದ ಶಾಖ ಇವಿಷ್ಟನ್ನು ಮನೆಖರ್ಚಿನ ಹಾಗೆ ಜಮಾ–ಖರ್ಚು ಬರೆದರೆ ಉತ್ತರ ಸಿಗುತ್ತದೆ.

ಲೆಕ್ಕವನ್ನು ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲೇ ಮಾಡೋಣ. ಒಂದು ಯೂನಿಟ್ ಶಾಖ ನೂರು ಲೀಟರ್ ನೀರನ್ನು 8.6 ಡಿಗ್ರಿಯಷ್ಟು ಬಿಸಿ ಮಾಡುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಆಧಾರ.

ನೂರು ಲೀಟರಿನ ಹೀಟರಿಗೆ ಸಾಮಾನ್ಯವಾಗಿ ಎರಡು ಚದರ ಮೀಟರಿನ ಒಂದು ಗಾಜಿನ ಫಲಕ ಬರುತ್ತದೆ. ಜನವರಿಯ ಶುಭ್ರ ದಿನ ದಕ್ಷಿಣಕ್ಕೆ ವಾಲಿಸಿದ ಫಲಕದ ಮೇಲೆ ಚದರ ಮೀಟರಿಗೆ ಸುಮಾರು ಐದೂವರೆ ಯೂನಿಟ್ ಬಿಸಿಲು ಬೀಳುತ್ತದೆ ಎಂದಿಟ್ಟುಕೊಳ್ಳಿ, ಅಂದರೆ ಒಟ್ಟು 11 ಯೂನಿಟ್. ಇದರಲ್ಲಿ ಒಂದಿಷ್ಟು ಗಾಜಿನಿಂದ ಪ್ರತಿಫಲಿಸಿ ಹೋಗುತ್ತದೆ, ಇನ್ನಷ್ಟನ್ನು ಕಪ್ಪು ತಗಡು ಹೀರದೆ ಬಿಡುತ್ತದೆ. ಏಳೂವರೆ ಯೂನಿಟ್ ಮಾತ್ರ ಒಳಗೆ ಇಳಿಯುತ್ತದೆ. ಇದು ಜಮಾ.

ಖರ್ಚಿನ ಕಡೆ ನೋಡಿ. ಫಲಕ ಸುತ್ತಲಿನ ಗಾಳಿಗಿಂತ ಬಿಸಿಯಾದಷ್ಟೂ ಶಾಖ ಹೊರಗೆ ಸೋರುತ್ತದೆ. ನೀರು ಗಾಳಿಗಿಂತ ಒಂದು ಡಿಗ್ರಿ ಬಿಸಿಯಿದ್ದರೆ ಎಂಟು ಗಂಟೆಯ ಬಿಸಿಲಿನ ಅವಧಿಯಲ್ಲಿ ಇಂಥ ಫಲಕದಿಂದ ಸುಮಾರು 0.1 ಯೂನಿಟ್ ಹೋಗುತ್ತದೆ. ಬಾವಿಯ ನೀರು 27 ಡಿಗ್ರಿ. ಸಂಜೆಗೆ ಎಷ್ಟಾಗುತ್ತದೆ ಎಂಬುದು ಗೊತ್ತಿಲ್ಲದೆ ಸೋರಿಕೆ ಗೊತ್ತಾಗುವುದಿಲ್ಲ, ಸೋರಿಕೆ ಗೊತ್ತಿಲ್ಲದೆ ಸಂಜೆಯದು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಒಂದು ಊಹೆ ಇಟ್ಟು ಲೆಕ್ಕ ಹಾಕಬೇಕು, ಬಂದ ಉತ್ತರ ಇಟ್ಟು ಮತ್ತೊಮ್ಮೆ ಹಾಕಬೇಕು. ಎರಡು ಸುತ್ತಿಗೆ ಅದು ನೆಲೆಗೆ ನಿಲ್ಲುತ್ತದೆ: ದಿನದ ಸರಾಸರಿ ನೀರು 50 ಡಿಗ್ರಿ, ಗಾಳಿ 30, ಸೋರಿದ್ದು 2 ಯೂನಿಟ್. ಉಳಿದ ಐದೂವರೆ ಯೂನಿಟ್ ನೀರನ್ನು 47 ಡಿಗ್ರಿ ಏರಿಸಿ 74ಕ್ಕೆ ತರುತ್ತದೆ. ಬಿದ್ದ ಬಿಸಿಲಿನಲ್ಲಿ ಅರ್ಧ ಟ್ಯಾಂಕು ಸೇರಿತು.

ರಾತ್ರಿ ಟ್ಯಾಂಕಿನ ಸರದಿ. ಪಫ್ ಹೊದಿಕೆ ಚೆನ್ನಾಗಿದ್ದರೆ ಸಂಜೆಯಿಂದ ಬೆಳಗಿನವರೆಗೆ ಸುಮಾರು ಒಂದು ಯೂನಿಟ್ ಹೋಗುತ್ತದೆ, ಅಂದರೆ 8 ಡಿಗ್ರಿ. ಬೆಳಿಗ್ಗೆ ನಲ್ಲಿಯಲ್ಲಿ 66 ಡಿಗ್ರಿ ಬರಬೇಕು. ಹೀಟರ್ ಕೂರಿಸಿದ ಮೇಲೆ ಥರ್ಮಾಮೀಟರ್ ಹಿಡಿದು ನೋಡಿದಾಗ ಶುಭ್ರ ದಿನಗಳಲ್ಲಿ ನನಗೆ ಸಿಕ್ಕಿದ್ದೂ ಇದರ ಆಸುಪಾಸೇ. ಸ್ನಾನಕ್ಕೆ ಬೇಕಾದದ್ದು 40 ಡಿಗ್ರಿ. ತಣ್ಣೀರು ಬೆರೆಸಿದರೆ ಒಂದು ಲೀಟರ್ ಸುಡುನೀರು ಮೂರು ಲೀಟರಿನ ಹತ್ತಿರ ಸ್ನಾನದ ನೀರಾಗುತ್ತದೆ. ನಾಲ್ಕು ಜನರ ಮನೆಗೆ 120 ಲೀಟರ್ ಸ್ನಾನದ ನೀರು ಸಾಕು ಎಂದರೆ ಟ್ಯಾಂಕಿನಿಂದ ಹೊರಬರುವುದು ಬರೀ 40 ಲೀಟರ್ ಚಿಲ್ಲರೆ. ಬಿಸಿಲಿರುವ ತಿಂಗಳುಗಳಲ್ಲಿ ನೂರು ಲೀಟರಿನದೇ ನಮಗೆ ಹೆಚ್ಚು.

ಇನ್ನು ಜುಲೈ. ಮೋಡ ಕವಿದು ಮಳೆ ಹಿಡಿದ ದಿನ ಚದರ ಮೀಟರಿಗೆ ಒಂದೂವರೆ ಯೂನಿಟ್ ಬೆಳಕು ಬಿದ್ದರೆ ಎರಡು ಚದರ ಮೀಟರಿಗೆ ಮೂರು. ಒಳಗಿಳಿದದ್ದು ಎರಡು, ಸೋರಿಕೆ ಕಳೆದು ಉಳಿದದ್ದು 1.4 ಯೂನಿಟ್. 26 ಡಿಗ್ರಿಯ ನೀರು 38ಕ್ಕೆ ಬರುತ್ತದೆ, ಬೆಳಿಗ್ಗೆ ಹೊತ್ತಿಗೆ 36. ಉಗುರುಬೆಚ್ಚಗೆ ಇರುತ್ತದೆ, ಆದರೆ ತಣ್ಣೀರು ಬೆರೆಸುವಂತಿಲ್ಲ.

ಇದೇ ದಿನ ಇನ್ನೂರು ಲೀಟರಿನ ಹೀಟರ್ ಏನು ಮಾಡುತ್ತದೆ? ಅದಕ್ಕೆ ಎರಡು ಫಲಕ, ನಾಲ್ಕು ಚದರ ಮೀಟರ್. ಬರುವ ಶಾಖವೂ ಇಮ್ಮಡಿ, ಬಿಸಿಯಾಗಬೇಕಾದ ನೀರೂ ಇಮ್ಮಡಿ. ನೀರಿನ ಬಿಸಿ ಮತ್ತೆ 38ಕ್ಕೇ ನಿಲ್ಲುತ್ತದೆ! ನೂರು ಲೀಟರ್ ಉಗುರುಬೆಚ್ಚನೆಯ ನೀರಿನ ಬದಲು ಇನ್ನೂರು ಲೀಟರ್ ಉಗುರುಬೆಚ್ಚನೆಯ ನೀರು, ಅಷ್ಟೇ. ನೀರು ಎಷ್ಟು ಕಾಯುತ್ತದೆ ಎಂಬುದನ್ನು ನಿರ್ಧರಿಸುವುದು ಒಂದು ಲೀಟರಿಗೆ ಎಷ್ಟು ಫಲಕ ಎಂಬ ಪ್ರಮಾಣ, ಟ್ಯಾಂಕಿನ ಗಾತ್ರ ಅಲ್ಲ. ಎಂಟು–ಹತ್ತು ಜನರಿರುವ ಕೂಡುಕುಟುಂಬಕ್ಕೆ, ದಿನವಿಡೀ ಬಿಸಿನೀರು ಬೇಕಾದ ಹೋಮ್‌ಸ್ಟೇಗೆ ಇನ್ನೂರು ಲೀಟರಿನದು ಸರಿ. ಮಳೆಗೆ ಹೆದರಿ ಕೊಳ್ಳುವ ನಾಲ್ಕು ಜನರ ಮನೆಗೆ ಅಲ್ಲ. ನಾನು ನೂರರದ್ದೇ ಹಾಕಿಸಿದೆ.

ಈಗ ದುಡ್ಡಿನ ಮಾತು. ಉಳಿತಾಯವನ್ನು ಹೀಟರ್ ಕೊಡಬಲ್ಲ ಐದೂವರೆ ಯೂನಿಟ್ ಮೇಲೆ ಎಣಿಸಬಾರದು, ನಾವು ಬಳಸುವ ಶಾಖದ ಮೇಲೆ ಎಣಿಸಬೇಕು. 120 ಲೀಟರನ್ನು 14 ಡಿಗ್ರಿ ಏರಿಸಲು ಎರಡು ಯೂನಿಟ್ ಬೇಕು, ಗೀಸರಿನ ಸೋರಿಕೆಯೂ ಸೇರಿ ಎರಡೂವರೆ. ತೆರಿಗೆಯೆಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ದಿನಕ್ಕೆ 17.50. ವರ್ಷದಲ್ಲಿ ಒಳ್ಳೆಯ ಬಿಸಿಲಿನ 240 ದಿನ ಸಿಕ್ಕರೆ 4,200 ರೂಪಾಯಿ. 28,000 ವಾಪಸಾಗಲು ಆರು ವರ್ಷ ಎಂಟು ತಿಂಗಳು. ಮೇಲಿನ 17,000 ಹಾಕಿದ್ದರೆ ಅದು ವಾಪಸಾಗುವ ದಾರಿಯೇ ಇರಲಿಲ್ಲ.

ಈ ಲೆಕ್ಕ ಎಲ್ಲ ಮನೆಗೂ ಹೊಂದುವುದಿಲ್ಲ. ತೆಂಗಿನ ಸಿಪ್ಪೆ, ಸೋಗೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವ ಮನೆಗೆ ಕರೆಂಟಿನ ಉಳಿತಾಯವೇ ಇಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ಗೀಸರ್ ಬಳಸಿಯೂ ಉಚಿತ ಮಿತಿಯೊಳಗೇ ಇರುವವರಿಗೂ ಹಣ ಉಳಿಯುವುದಿಲ್ಲ. ಆದರೆ ಗೀಸರ್ ತಿಂಗಳಿಗೆ 75 ಯೂನಿಟ್ ತಿನ್ನುತ್ತದೆ. ಅದರಿಂದಾಗಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಆ ಗಡಿಯ ಮೇಲಿರುವ ಮನೆಗೆ ಹೀಟರ್ ನಾನು ಬರೆದದ್ದಕ್ಕಿಂತ ಬೇಗ ಅಸಲು ಕೊಡುತ್ತದೆ. ಹೀಗಾಗಿ ದರ ಕೇಳುವ ಮೊದಲು ಹಿಂದಿನ ಹನ್ನೆರಡು ತಿಂಗಳ ಹೆಸ್ಕಾಂ ಬಿಲ್ ಎದುರಿಗಿಟ್ಟುಕೊಳ್ಳಿ.

ಜಮಾ–ಖರ್ಚು ಗೊತ್ತಿದ್ದರೆ ಹೀಟರಿನ ಕಾಯಿಲೆಯನ್ನೂ ಹಿಡಿಯಬಹುದು. ಶುಭ್ರ ದಿನದ ಮರುಬೆಳಿಗ್ಗೆ 66ರ ಬದಲು 50 ಬಂತೆನ್ನಿ. ಹಿಂದಿನ ಸಂಜೆ ಐದಕ್ಕೂ ಅಳೆಯಿರಿ. ಸಂಜೆಯೇ ಕಡಿಮೆ ಇದ್ದರೆ ತೊಂದರೆ ಫಲಕದ ಕಡೆ: ಗಾಜಿನ ಮೇಲೆ ಕಡಲಗಾಳಿಯ ಉಪ್ಪಿನ ಪೊರೆ, ಮಧ್ಯಾಹ್ನದ ಮೇಲೆ ಬೀಳುವ ತೆಂಗಿನ ಮರದ ನೆರಳು, ಅಥವಾ ಮೇಲಿನ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ. ಸಂಜೆ 74 ಇದ್ದು ಬೆಳಿಗ್ಗೆ 50 ಆದರೆ ಟ್ಯಾಂಕಿನ ಕಡೆ ನೋಡಿ. ಹೊದಿಕೆಯೊಳಗೆ ಮಳೆನೀರು ಹೋಗಿರಬಹುದು. ಟ್ಯಾಂಕನ್ನು ಫಲಕದ ಮೇಲ್ತುದಿಗಿಂತ ಸಾಕಷ್ಟು ಎತ್ತರದಲ್ಲಿ ಇಡದಿದ್ದರೆ ರಾತ್ರಿ ಬಿಸಿನೀರು ಹಿಮ್ಮುಖವಾಗಿ ಫಲಕಕ್ಕೆ ಹರಿದು ಆರುತ್ತದೆ. ರಾತ್ರಿ ಹತ್ತಕ್ಕೆ ಫಲಕದ ಪೈಪು ಮುಟ್ಟಿದರೆ ಬೆಚ್ಚಗಿದೆ ಎಂದರೆ ಇದೇ ಕಾರಣ.

ಮಳೆಗಾಲಕ್ಕೆಂದು ಟ್ಯಾಂಕಿನೊಳಗೆ ಕೂರಿಸುವ ವಿದ್ಯುತ್ ಕಾಯಿಲ್ ಬಗ್ಗೆಯೂ ಇದೇ ಲೆಕ್ಕ ಹಿಡಿಯಬೇಕು. ಅದನ್ನು 60 ಡಿಗ್ರಿಗೆ ತಿರುಗಿಸಿ ಸಂಜೆಯೇ ಹಾಕಿಬಿಟ್ಟರೆ 38ರಿಂದ 60ಕ್ಕೆ ಎರಡೂವರೆ ಯೂನಿಟ್ ಹೋಗುತ್ತದೆ, ರಾತ್ರಿಯ ಸೋರಿಕೆ ಬೇರೆ. ಸಾಲದ್ದಕ್ಕೆ ಉಳಿದ ಬಿಸಿನೀರು ಮರುದಿನ ಫಲಕದೊಳಗೆ ಹೋಗಿ, ಇರುವ ಕೊಂಚ ಬೆಳಕಿನ ಶಾಖವನ್ನೂ ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ಎದ್ದ ಮೇಲೆ ಹಾಕಿ 36ರಿಂದ 42ಕ್ಕೆ ತಂದರೆ 0.7 ಯೂನಿಟ್ ಸಾಕು. ಎರಡು ಕಿಲೋವ್ಯಾಟಿನ ಕಾಯಿಲಿಗೆ ಅದು ಇಪ್ಪತ್ತು ನಿಮಿಷದ ಕೆಲಸ.